ಸೋರಿದ ಕೀ ಉತ್ತರ: ಒಂದು ಇಮೇಲ್‌ಗೆ ಬರೆದ ಎರಡು ಮರುಪತ್ರಗಳು

ಬೋಧನಾಭ್ಯಾಸದ ವಾರಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ರಾಯಚೂರು ನಗರ, ಮಾನ್ವಿ ಮತ್ತು ದೇವದುರ್ಗದ ಪ್ರೌಢಶಾಲೆಗಳಿಗೆ ಹಂಚಿಹೋಗಿರುತ್ತಾರೆ. ಶನಿವಾರ ಮಾತ್ರ ಎಲ್ಲರೂ ರಾಯಚೂರಿನ ಕಾಲೇಜಿಗೆ ಬರುತ್ತಾರೆ. ಅಂಥ ಒಂದು ಶನಿವಾರ ನನ್ನ ವಿಷಯದ ಆಂತರಿಕ ಪರೀಕ್ಷೆಯಿತ್ತು. ಇಪ್ಪತ್ತು ಬಹು ಆಯ್ಕೆಯ ಪ್ರಶ್ನೆಗಳು, ಇಪ್ಪತ್ತು ಅಂಕ. ಗುರುವಾರ ರಾತ್ರಿ ಮಾನ್ವಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದ, ದೇವದುರ್ಗ ಕಡೆಯ ಒಬ್ಬ ಪ್ರಶಿಕ್ಷಣಾರ್ಥಿಯಿಂದ ಇಮೇಲ್ ಬಂತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಅದರ ಸಾರವನ್ನು ಕೊಡುತ್ತಿದ್ದೇನೆ.

“ಸರ್, ನಮಸ್ಕಾರ. ಶನಿವಾರದ ಟೆಸ್ಟಿನ ಕೀ ಉತ್ತರದ ಫೋಟೊ ನಿನ್ನೆ ನನ್ನ ವಾಟ್ಸ್‌ಆ್ಯಪ್‌ಗೆ ಬಂದಿದೆ. ನಾನು ಕೇಳಿರಲಿಲ್ಲ. ಪೂರ್ತಿ ನೋಡಿದ ಮೇಲೆಯೇ ಅದೇನೆಂದು ತಿಳಿಯಿತು. ಕಳಿಸಿದವರು ನನಗೆ ಒಳ್ಳೆಯದಾಗಲಿ ಎಂದೇ ಕಳಿಸಿದ್ದಾರೆ, ಅವರ ಹೆಸರು ಹೇಳಲು ಮನಸ್ಸಿಲ್ಲ. ಇವತ್ತು ಎಂಟನೇ ತರಗತಿಗೆ ಘಟಕ ಪರೀಕ್ಷೆ ಕೊಟ್ಟೆ. ಯಾರೂ ನೋಡಿ ಬರೆಯಬೇಡಿ ಎನ್ನುವಾಗ ಮಕ್ಕಳ ಮುಖ ನೋಡಲಾಗಲಿಲ್ಲ. ಈಗ ಏನು ಮಾಡಲಿ ಸರ್? ಟೆಸ್ಟಿಗೆ ಬರದೇ ಇರಲೇ? ಬೇಕೆಂದೇ ಕೆಲವು ತಪ್ಪು ಬರೆಯಲೇ? ಫೋಟೊ ಅಳಿಸಿಬಿಡಲೇ?”

ನಾನು ಮೊದಲು ಬರೆದ ಮರುಪತ್ರ ಹೀಗಿತ್ತು: “ಯಾರು ಕಳಿಸಿದರು? ಇನ್ನೂ ಯಾರ ಬಳಿ ಇದೆ? ಎಲ್ಲ ಹೆಸರುಗಳೊಂದಿಗೆ ನಾಳೆ ಬೆಳಿಗ್ಗೆ ಪ್ರಾಚಾರ್ಯರ ಕೋಣೆಗೆ ಬನ್ನಿ.” ಕಳಿಸುವ ಮುನ್ನ ಅವರ ಪತ್ರವನ್ನು ಮತ್ತೆ ಓದಿದೆ. ಅವರು ಮೂರು ಪ್ರಶ್ನೆ ಕೇಳಿದ್ದರು, ನಾನು ಒಂದಕ್ಕೂ ಉತ್ತರಿಸಿರಲಿಲ್ಲ. ಕೇಳದೇ ಬಂದದ್ದನ್ನು ತಾವಾಗಿ ತಿಳಿಸಿದವರನ್ನು, ಬಚ್ಚಿಟ್ಟುಕೊಂಡವರಿಗಿಂತ ಹೆಚ್ಚು ಕಷ್ಟಕ್ಕೆ ದೂಡುವ ಪತ್ರ ಅದಾಗಿತ್ತು. ಅದನ್ನು ಅಳಿಸಿ, ಅದೇ ರಾತ್ರಿ ಎರಡನೆಯದನ್ನು ಬರೆದು ಕಳಿಸಿದೆ.

“ತಿಳಿಸಿದ್ದು ಒಳ್ಳೆಯದಾಯಿತು. ಟೆಸ್ಟಿಗೆ ಬನ್ನಿ. ಬೇಕೆಂದು ತಪ್ಪು ಬರೆಯಬೇಡಿ, ಏಕೆಂದರೆ ಆ ಅಂಕವೂ ನಿಮ್ಮ ಕಲಿಕೆಯನ್ನು ತೋರಿಸುವುದಿಲ್ಲ. ಪ್ರಶ್ನೆಪತ್ರಿಕೆ ಬದಲಿಸುವುದು ನನ್ನ ಕೆಲಸ. ಫೋಟೊವನ್ನು ಈಗ ಅಳಿಸಬೇಡಿ, ಬೇರೆ ಯಾರಿಗೂ ಕಳಿಸಬೇಡಿ, ನನಗೆ ಮಾತ್ರ ಒಂದು ಪ್ರತಿ ಕಳಿಸಿ. ಯಾವ ದಿನ, ಎಷ್ಟು ಹೊತ್ತಿಗೆ ಬಂತು ಎಂದು ಬರೆಯಿರಿ. ಕಳಿಸಿದವರ ಹೆಸರು ಈಗ ಬೇಡ. ಸೋರಿಕೆಯ ವಿಷಯವನ್ನು ನಾಳೆ ಪ್ರಾಚಾರ್ಯರಿಗೆ ಹೇಳಲೇಬೇಕು. ನಿಮ್ಮ ಹೆಸರು ಹೇಳಬೇಕಾದ ಸಂದರ್ಭ ಬಂದರೆ ಮೊದಲು ನಿಮಗೆ ತಿಳಿಸುತ್ತೇನೆ.”

ಕೊನೆಯ ಎರಡು ವಾಕ್ಯಗಳನ್ನು ಯೋಚಿಸಿಯೇ ಬರೆದೆ. “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡುವುದು ಸುಲಭ, ಆದರೆ ಉಳಿಸಿಕೊಳ್ಳಲು ಆಗದ ಮಾತು ಅದು. ವಿಚಾರಣೆ ನಡೆದರೆ ನಾನು ಸುಳ್ಳು ಹೇಳಲಾರೆ. ಉಳಿಸಿಕೊಳ್ಳಬಲ್ಲಷ್ಟನ್ನೇ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಫೋಟೊ ಬಂತು. ಅದರಲ್ಲಿ 14ನೇ ಪ್ರಶ್ನೆಯ ಉತ್ತರ ‘ಬಿ’ ಎಂದಿತ್ತು. ನನ್ನ ಕೈಯಲ್ಲಿದ್ದ ಕೀ ಉತ್ತರದಲ್ಲಿ ಅದು ‘ಡಿ’. ಮೊದಲ ಕರಡಿನಲ್ಲಿ ನಾನೇ ತಪ್ಪಾಗಿ ‘ಬಿ’ ಎಂದು ಹಾಕಿದ್ದೆ, ಮರುದಿನ ತಿದ್ದಿದ್ದೆ. ತಿದ್ದುವ ಮುಂಚಿನ ಕಡತ ಹೋಗಿದ್ದು ಒಂದೇ ಕಡೆಗೆ: ಪ್ರತಿ ತೆಗೆಸಲು ನಾನು ಪೆನ್‌ಡ್ರೈವ್ ಕೊಟ್ಟಿದ್ದ ಜೆರಾಕ್ಸ್ ಅಂಗಡಿಗೆ. ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರ ಎರಡೂ ಒಂದೇ ಕಡತದಲ್ಲಿದ್ದವು. ಕಡತ ಅಲ್ಲಿನ ಕಂಪ್ಯೂಟರಿನಲ್ಲೇ ಉಳಿದಿತ್ತು, ನಮ್ಮ ವಿದ್ಯಾರ್ಥಿಗಳು ಪಾಠಯೋಜನೆ ಮುದ್ರಿಸಿಕೊಳ್ಳುವುದೂ ಅಲ್ಲಿಯೇ. ಮೊದಲ ಮರುಪತ್ರ ಕಳಿಸಿದ್ದರೆ ಗೆಳತಿಯರ ಹೆಸರುಗಳ ಪಟ್ಟಿ ನನ್ನ ಮೇಜಿಗೆ ಬರುತ್ತಿತ್ತು. ಆ ಪಟ್ಟಿಯ ತುದಿಯಲ್ಲಿ ಇರಬೇಕಾದದ್ದು ನನ್ನ ಹೆಸರೇ.

ವಿಷಯ ತಿಳಿದ ಸಹೋದ್ಯೋಗಿಯೊಬ್ಬರು, “ಅದೇ ಪತ್ರಿಕೆ ಕೊಡಿ ಸರ್, 14ಕ್ಕೆ ‘ಬಿ’ ಬರೆದವರೆಲ್ಲ ಸಿಕ್ಕಿಬೀಳುತ್ತಾರೆ” ಎಂದರು. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಸರಿಹೋಗದು. ನಾಲ್ಕು ಆಯ್ಕೆಗಳಿರುವಾಗ ಸುಮ್ಮನೆ ಊಹಿಸುವವರಲ್ಲೇ ಸರಾಸರಿ ನಾಲ್ವರಿಗೊಬ್ಬರು ‘ಬಿ’ ಬರೆಯುತ್ತಾರೆ. ಪ್ರಶ್ನೆ ತಯಾರಿಸಿದ ನನ್ನನ್ನೇ ಎಳೆದ ಆಯ್ಕೆ ಅದು, ಓದಿದವರನ್ನೂ ಎಳೆದೀತು. ಉಳಿದ ಹತ್ತೊಂಬತ್ತರಲ್ಲಿ ಕೀ ಉತ್ತರ ಸರಿಯಾಗಿಯೇ ಇದ್ದುದರಿಂದ, ಓದಿ ಬರೆದವರ ಹಾಳೆಗೂ ಫೋಟೊ ನೋಡಿ ಬರೆದವರ ಹಾಳೆಗೂ ವ್ಯತ್ಯಾಸ ಕಾಣುವುದಿಲ್ಲ. ಒಂದು ಪ್ರಶ್ನೆಯ ತಪ್ಪು ಅನುಮಾನ ಹುಟ್ಟಿಸಬಹುದು, ರುಜುವಾತು ಆಗದು. ಅದಕ್ಕಿಂತ ಮುಖ್ಯವಾಗಿ, ಸೋರಿದೆ ಎಂದು ಗೊತ್ತಿದ್ದೂ ಅದೇ ಪತ್ರಿಕೆ ಕೊಟ್ಟರೆ, ಫೋಟೊ ಸಿಗದೆ ಓದಿಕೊಂಡು ಬಂದವರಿಗೆ ನಾನೇ ಅನ್ಯಾಯ ಮಾಡಿದಂತೆ.

ಪ್ರಾಚಾರ್ಯರಿಗೆ ಲಿಖಿತವಾಗಿ ತಿಳಿಸಿದೆ, ಸೋರಿಕೆಯ ದಾರಿಯನ್ನೂ ಬರೆದೆ. ಅಂಗಡಿಗೆ ಹೋಗಿ ನನ್ನೆದುರೇ ಕಡತ ಅಳಿಸಿಸಿದೆ. ಸಂಜೆ ಹೊಸ ಪತ್ರಿಕೆ ತಯಾರಿಸಿದೆ. ನೀಲನಕ್ಷೆ ಹಳೆಯದೇ: ಅದೇ ಘಟಕಗಳು, ಪ್ರತಿ ಘಟಕಕ್ಕೆ ಅಷ್ಟೇ ಅಂಕ. ಪ್ರಶ್ನೆಯ ರೂಪ ಮಾತ್ರ ಬದಲಾಯಿತು. ಹನ್ನೆರಡು ಅಂಕಕ್ಕೆ ಹೊಸ ಬಹು ಆಯ್ಕೆಯ ಪ್ರಶ್ನೆಗಳು. ಉಳಿದ ಎಂಟಕ್ಕೆ, ದೋಷವಿರುವ ಎರಡು ಪರೀಕ್ಷಾ ಪ್ರಶ್ನೆಗಳನ್ನು ಕೊಟ್ಟು, ದೋಷವೇನೆಂದು ಹೇಳಿ ತಿದ್ದಿ ಬರೆಯಲು ಕೇಳಿದೆ. ‘ಎ, ಬಿ, ಸಿ, ಡಿ’ ಸಾಲು ಒಂದು ಫೋಟೊದಲ್ಲಿ ಊರೂರು ಸುತ್ತುತ್ತದೆ. ತಿದ್ದಿ ಬರೆಯುವ ಉತ್ತರ ಹಾಗೆ ಸುತ್ತಿದರೂ, ಇಬ್ಬರ ಹಾಳೆಯಲ್ಲಿ ಅದೇ ವಾಕ್ಯ ಕಂಡಾಗ ಗೊತ್ತಾಗುತ್ತದೆ.

ಶನಿವಾರ ಎಲ್ಲರಿಗೂ ಹೇಳಿದೆ: “ಕೀ ಉತ್ತರ ನನ್ನ ಅಜಾಗರೂಕತೆಯಿಂದ ಹೊರಗೆ ಹೋಗಿದೆ. ಇದು ಹೊಸ ಪತ್ರಿಕೆ.” ಯಾರು ತಿಳಿಸಿದರೆಂದು ಹೇಳಲಿಲ್ಲ. ಇಮೇಲ್ ಬರೆದವರಿಗೆ ಇಪ್ಪತ್ತಕ್ಕೆ ಹದಿಮೂರು ಬಂತು. ಹಳೆಯ ಪತ್ರಿಕೆಯಾಗಿದ್ದರೆ ಅವರಿಗೆ ಹತ್ತೊಂಬತ್ತು ಸಿಗುತ್ತಿತ್ತು. ಆ ಆರು ಅಂಕಗಳನ್ನು ಬಿಟ್ಟುಕೊಟ್ಟೇ ಅವರು ನನಗೆ ಬರೆದಿದ್ದರು. ಪರಿಹಾರವೆಂದು ಒಂದು ಅಂಕವನ್ನೂ ನಾನು ಸೇರಿಸಲಿಲ್ಲ, ಅವರೂ ಕೇಳಲಿಲ್ಲ. ಮುಂದಿನ ವಾರ ಇನ್ನಿಬ್ಬರು ತಾವಾಗಿ ಬಂದು, ಫೋಟೊ ತಮ್ಮ ಬಳಿಯೂ ಇತ್ತೆಂದು ಹೇಳಿ ಹೋದರು.

ಈ ಕ್ರಮಕ್ಕೆ ಒಂದು ಎಲ್ಲೆಯಿದೆ. ನನ್ನದು ಆಂತರಿಕ ಪರೀಕ್ಷೆ, ಪತ್ರಿಕೆ ಬದಲಿಸುವ ಅಧಿಕಾರ ನನಗಿತ್ತು. ಸಾರ್ವಜನಿಕ ಪರೀಕ್ಷೆಯಲ್ಲಿ ಅದಿಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಮಾರ್ಚ್ 21ರ ಪತ್ರಿಕೆ ಸೋರಿ, ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ನಿಗದಿಯಾದ ಮರುಪರೀಕ್ಷೆಯ ಪತ್ರಿಕೆಯೂ ಸೋರಿ, ಅಂದೇ ಅದನ್ನೂ ರದ್ದು ಮಾಡಬೇಕಾಯಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಸೋರಿದ ಪತ್ರಿಕೆಯನ್ನು ಕಣ್ಣಿಂದಲೂ ನೋಡದ ನಮ್ಮ ಜಿಲ್ಲೆಯ ಮಕ್ಕಳೂ ಮೂರು ವಾರ ಅದೇ ವಿಷಯಕ್ಕಾಗಿ ಕಾದರು. ಅಂಥ ಪರೀಕ್ಷೆಯ ಉತ್ತರ ಬಂದಿದೆ ಎಂದು ವಿದ್ಯಾರ್ಥಿ ಹೇಳಿದರೆ, ಶಿಕ್ಷಕರು ತಾವೇ ವಿಚಾರಣೆಗೆ ಇಳಿಯಬಾರದು. ನಿಜವೋ ಸುಳ್ಳೋ ನೋಡೋಣವೆಂದು ಇನ್ನೊಬ್ಬ ಶಿಕ್ಷಕರಿಗೆ ಕಳಿಸಲೂಬಾರದು, ಅದರಿಂದ ಸೋರಿಕೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಂದ ಹೊತ್ತನ್ನು ಬರೆದಿಟ್ಟು, ತಡಮಾಡದೆ ಸಂಸ್ಥೆಯ ಮುಖ್ಯಸ್ಥರ ಮೂಲಕ ಪರೀಕ್ಷಾ ಮಂಡಳಿಗೆ ಲಿಖಿತವಾಗಿ ತಿಳಿಸಬೇಕು.

ಈಗ ಮೌಲ್ಯಮಾಪನದ ಪಾಠದಲ್ಲಿ ಈ ಇಮೇಲ್ ಅನ್ನು ಪ್ರಶಿಕ್ಷಣಾರ್ಥಿಗಳ ಮುಂದಿಟ್ಟು, ಹತ್ತು ನಿಮಿಷದಲ್ಲಿ ಮರುಪತ್ರ ಬರೆಯಲು ಹೇಳುತ್ತೇನೆ. ಬರೆದಾದ ಮೇಲೆ ಪಕ್ಕದವರೊಂದಿಗೆ ಹಾಳೆ ಬದಲಿಸಿಕೊಂಡು ಮೂರನ್ನು ಮಾತ್ರ ನೋಡುತ್ತಾರೆ: ಕೇಳಿದ ಪ್ರಶ್ನೆಗಳಿಗೆ ಉತ್ತರವಿದೆಯೇ, ಉಳಿಸಿಕೊಳ್ಳಲಾಗದ ಮಾತು ಕೊಟ್ಟಿದ್ದಾರೆಯೇ, ಹೆಸರು ಕೇಳುವುದಕ್ಕೆ ಮೊದಲು ಪತ್ರಿಕೆಯ ಗತಿ ಏನೆಂದು ಹೇಳಿದ್ದಾರೆಯೇ. ಹೆಚ್ಚಿನವರು ನನ್ನ ಮೊದಲ ಮರುಪತ್ರವನ್ನೇ ಬರೆಯುತ್ತಾರೆ. ಆಗ ನಾನು ನನ್ನದನ್ನೂ ಓದಿ ತೋರಿಸುತ್ತೇನೆ, ಆಮೇಲೆ 14ನೇ ಪ್ರಶ್ನೆಯ ಕಥೆ ಹೇಳುತ್ತೇನೆ.