ಟೊಂಕನೋವು: ತೊಡೆಸಂದಿನಲ್ಲೋ, ತೊಡೆಯ ಹೊರಮಗ್ಗುಲಲ್ಲೋ?

ನಮ್ಮ ಭಾಗದಲ್ಲಿ ‘ಟೊಂಕ’ ಎಂಬ ಮಾತಿಗೆ ಬಹಳ ವಿಸ್ತಾರವಿದೆ. ನಡು, ಪಿರ್ರೆ, ಚಪ್ಪೆ ಎಲ್ಲವೂ ಅದರಲ್ಲಿ ಅಡಗುತ್ತವೆ. ಆದ್ದರಿಂದ ರೋಗಿಯು “ಟೊಂಕ ನೋಯತೈತ್ರಿ” ಎಂದಾಗ ನಾವು ಮರುಪ್ರಶ್ನೆ ಕೇಳುವುದಕ್ಕಿಂತ ಮೊದಲು ಅವರ ಕೈಯನ್ನು ನೋಡುತ್ತೇವೆ. ಕೆಲವರು ತೊಡೆಯ ಹೊರಬದಿಯ ಉಬ್ಬುಮೂಳೆಯ ಮೇಲೆ ಒಂದೇ ಬೆರಳಿಟ್ಟು ತೋರಿಸುತ್ತಾರೆ. ಕೆಲವರು ಹೆಬ್ಬೆರಳನ್ನು ಹಿಂದೆಯೂ ಉಳಿದ ಬೆರಳುಗಳನ್ನು ಮುಂದೆ ತೊಡೆಸಂದಿನಲ್ಲಿಯೂ ಇಟ್ಟು, ಕೀಲನ್ನೇ ಹಿಡಿದಂತೆ ತೋರಿಸುತ್ತಾರೆ. ಈ ಎರಡು ಕೈಗಳು ಬಹುಮಟ್ಟಿಗೆ ಎರಡು ಬೇರೆ ರೋಗಗಳನ್ನು ಹೇಳುತ್ತವೆ.

ತೊಡೆಮೂಳೆಯ ಗುಂಡುತಲೆಯು ಚಪ್ಪೆಯ ಬಟ್ಟಲಿನಲ್ಲಿ ಕೂರುವ ನಿಜವಾದ ಕೀಲು ಇರುವುದು ಮುಂದೆ, ತೊಡೆಸಂದಿನ ಆಳದಲ್ಲಿ. ಆದ್ದರಿಂದ ಕೀಲಿನೊಳಗಿನ ನೋವು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ; ಕೆಲವೊಮ್ಮೆ ತೊಡೆಯ ಮುಂಭಾಗದಿಂದ ಇಳಿದು ಮೊಣಕಾಲಿನಲ್ಲಿ ಮಾತ್ರ ತೋರುವುದೂ ಉಂಟು. ಹೊರಗೆ ಕೈಗೆ ತಗಲುವ ಉಬ್ಬುಮೂಳೆ ಕೀಲಲ್ಲ. ಅದು ಪಿರ್ರೆಯ ಸ್ನಾಯುಗಳ ನಾರುಕಟ್ಟು ಬಂದು ಅಂಟುವ ಜಾಗ.

ಹಿರೇಹಂದಿಗೋಳದ ಮೂವತ್ತೊಂಬತ್ತರ ಒಬ್ಬ ಒಕ್ಕಲಿಗರ ಪ್ರಸಂಗವನ್ನು ಇಲ್ಲಿ ಹೇಳಬೇಕು, ಏಕೆಂದರೆ ತಪ್ಪು ನಮ್ಮದೂ ಇತ್ತು. ನಾಲ್ಕು ತಿಂಗಳಿಂದ ಬಲಗಾಲು ಎಳೆಯುತ್ತಿದ್ದ ಅವರಿಗೆ ನಾವು ಗೃಧ್ರಸಿಯೆಂದು ತಿಳಿದು ಆರು ವಾರ ಎಣ್ಣೆ, ಬೆವರು, ಬಸ್ತಿ ನಡೆಸಿದೆವು. ಗುಣವಾಗಲಿಲ್ಲ. ಗೃಧ್ರಸಿಯ ನೋವು ಪಿರ್ರೆಯಿಂದ ಹೊರಟು ತೊಡೆಯ ಹಿಂಬದಿಯಿಂದ ಮೀನಖಂಡಕ್ಕೂ ಪಾದಕ್ಕೂ ಇಳಿಯಬೇಕು. ಇವರ ನೋವು ತೊಡೆಸಂದನ್ನು ಬಿಟ್ಟು ಕದಲಿರಲಿಲ್ಲ. ಒಂದು ದಿನ ಅವರು ಚಕ್ಕಳಮಕ್ಕಳ ಹಾಕಿ ಕೂಡಲಾರದೆ ಕಾಲು ಚಾಚಿ ಕುಳಿತದ್ದನ್ನು ಕಂಡು ನಮಗೆ ಎಚ್ಚರವಾಯಿತು. ಬಲಗಾಲಿನ ಉಗುರು ತೆಗೆಯಲೂ ಹೆಂಡತಿಯ ನೆರವು ಬೇಕಾಗಿತ್ತು. ಅಂಗಾತ ಮಲಗಿಸಿ, ತೊಡೆಯನ್ನು ನೇರ ಮೇಲೆತ್ತಿ, ಮೊಣಕಾಲು ಮಡಿಸಿ, ಪಾದವನ್ನು ಮೆಲ್ಲನೆ ಹೊರಕ್ಕೆ ಸರಿಸಿದೆವು. ಆಗ ತೊಡೆ ಒಳಕ್ಕೆ ತಿರುಗಬೇಕು. ಅದು ತಿರುಗಲಿಲ್ಲ, ತೊಡೆಸಂದಿನಲ್ಲಿ ಚುಚ್ಚಿತು. ಕೀಲು ಕೆಡುವಾಗ ಮೊದಲು ಕಳೆದುಹೋಗುವುದು ಸಾಮಾನ್ಯವಾಗಿ ಈ ಒಳತಿರುವು.

ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಅಲ್ಲಿಗೆ ನಿಲ್ಲಬಾರದೆಂದು ಹುಬ್ಬಳ್ಳಿಗೆ ಕಳಿಸಿ ಎಂಆರ್‌ಐ ಮಾಡಿಸಿದೆವು. ಬಲತೊಡೆಯ ಗುಂಡುತಲೆಗೆ ರಕ್ತ ಸಾಲದೆ ಮೂಳೆ ಸತ್ತು, ಕುಸಿಯತೊಡಗಿತ್ತು. ನೋವೇ ಇಲ್ಲದ ಎಡಗಡೆಯಲ್ಲಿಯೂ ರೋಗ ಆರಂಭವಾಗಿತ್ತು. ಈ ರೋಗಕ್ಕೆ ಅತಿಯಾದ ಮದ್ಯಪಾನ, ಬಹುಕಾಲದ ಸ್ಟಿರಾಯ್ಡ್ ಇವೆರಡು ದೊಡ್ಡ ಕಾರಣಗಳು. ಇವರು ಕುಡಿಯುವವರಲ್ಲ. ಆದರೆ ದಮ್ಮಿಗೆಂದು ಎರಡು ವರ್ಷ, ಹೆಸರು ಚೀಟಿ ಏನೂ ಇಲ್ಲದ ಒಂದು ಪುಡಿಯನ್ನು ಸಂತೆಯಿಂದ ತಂದು ನುಂಗಿದ್ದರು. ಅಂಥ ‘ಗಿಡಮೂಲಿಕೆ’ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಎಷ್ಟೋ ಪರೀಕ್ಷೆಗಳಲ್ಲಿ ಹೊರಬಿದ್ದಿದೆ. ಆಯುರ್ವೇದದವರಾದ ನಾವೇ ಇದನ್ನು ಹೇಳದಿದ್ದರೆ ಮತ್ತಾರು ಹೇಳಬೇಕು? ಆದರೂ ಅಂಥ ಪುಡಿಯನ್ನು ಬಹುಕಾಲ ತಿಂದವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ವೈದ್ಯರಿಗೆ ತೋರಿಸಿ ಹಂತಹಂತವಾಗಿ ಬಿಡಬೇಕು.

ಅವರ ಎಡಮೂಳೆ ಇನ್ನೂ ಕುಸಿಯದ ಕಾರಣ, ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು. ಬಲಗಡೆ ಕೀಲು ಬದಲಿಯೇ ಗತಿಯಾಯಿತು. ನಾವು ಕಳೆದ ಆರು ವಾರಗಳು ಅವರ ಪಾಲಿಗೆ ಅಗ್ಗದವಾಗಿರಲಿಲ್ಲ.

ಹೊರಮಗ್ಗುಲ ನೋವಿನ ನಡತೆ ಬೇರೆ. ಬಹುಶಃ ನಲವತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆ ಮಗ್ಗುಲಾಗಿ ಮಲಗಲಾಗದು, ಮೆಟ್ಟಿಲು ಹತ್ತುವಾಗ ನೋವು, ಒಂದೇ ಕಾಲ ಮೇಲೆ ಮೂವತ್ತು ಸೆಕೆಂಡು ನಿಂತರೆ ಅದೇ ಜಾಗ ನೋಯುತ್ತದೆ. ಆದರೆ ಅವರು ತಮ್ಮ ಕಾಲುಗುರನ್ನು ತಾವೇ ತೆಗೆಯಬಲ್ಲರು, ಒಳತಿರುವೂ ಸಾಮಾನ್ಯವಾಗಿ ಸರಿಯಿರುತ್ತದೆ. ಕೆಟ್ಟಿರುವುದು ನಾರುಕಟ್ಟು. ಅದರ ಮೇಲೆ ಬಲವಾಗಿ ತಿಕ್ಕಿಸಿಕೊಂಡರೆ ನೋವು ಕೆರಳುತ್ತದೆ. ನೋವಿಲ್ಲದ ಮಗ್ಗುಲಲ್ಲಿ ಮಲಗಿ ಮೊಣಕಾಲುಗಳ ನಡುವೆ ದಿಂಬಿಡಬೇಕು, ಒಂದೇ ಕಾಲ ಮೇಲೆ ಭಾರ ಹಾಕಿ ನಿಲ್ಲುವುದನ್ನು ಬಿಡಬೇಕು, ಪಿರ್ರೆಯ ಸ್ನಾಯುಗಳಿಗೆ ಸ್ವಲ್ಪಸ್ವಲ್ಪವಾಗಿ ಬಲ ತುಂಬುವ ವ್ಯಾಯಾಮ ಕಲಿಯಬೇಕು. ಕೆಲವು ತಿಂಗಳು ಹಿಡಿಯುತ್ತದೆ.

ಹೊರತೊಡೆಯಲ್ಲಿ ನೋವಿಗಿಂತ ಉರಿ, ಜೋಮು ಹೆಚ್ಚಿದ್ದರೆ ಅದು ಚರ್ಮದ ನರವು ಸೊಂಟದ ಬಳಿ ಒತ್ತಿಕೊಂಡ ಗುರುತು. ಲಂಗದ ಲಾಡಿಯನ್ನೋ ಬೆಲ್ಟನ್ನೋ ಸಡಿಲಿಸಿದಾಗಲೇ ಎಷ್ಟೋ ಜನರಿಗೆ ಇಳಿಯುತ್ತದೆ.

ಸ್ಥಳ ಒಂದೇ ಎಲ್ಲವನ್ನೂ ಹೇಳದು. ತೊಡೆಸಂದಿನಲ್ಲಿ ಅಂಡವಾಯುವಿನ ಉಬ್ಬು, ಮೂತ್ರದ ಹರಳು ಕೂಡ ನೋಯುತ್ತವೆ. ವಯಸ್ಸಾದವರು ಜಾರಿಬಿದ್ದು ತೊಡೆಸಂದಿನ ನೋವಿನಿಂದ ಕಾಲೂರಲಾರದೆ ಇದ್ದರೆ ಎಣ್ಣೆ ಹಚ್ಚಿ ಎಳೆಯಕೂಡದು. ತೊಡೆಮೂಳೆಯ ಕತ್ತು ಮುರಿದಿರಬಹುದೆಂದು ತಿಳಿದು, ಅಲುಗಿಸದೆ ಆ ದಿನವೇ ಗದುಗಿನ ಆಸ್ಪತ್ರೆಗೆ ಒಯ್ಯಬೇಕು.