ಭೇದಿ ನಿಲ್ಲಿಸದ ಪುಡಿ

ಓ.ಆರ್.ಎಸ್. ಪುಡಿ ಭೇದಿಯನ್ನು ನಿಲ್ಲಿಸುವುದಿಲ್ಲ. ಲೋಕಾಪುರದ ಸುತ್ತಲಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಓಡಾಡಿದ ನಾನು ತಾಯಂದಿರಿಗೆ ಮೊದಲು ಹೇಳುವ ಮಾತು ಈಗ ಇದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಕಲಿಸಿದ್ದು ಅದರ ಗುಣಗಾನ ಮಾಡುವುದನ್ನು. ತಾಯಿ ಅದನ್ನು ನಂಬಿ ಒಂದು ದಿನ ಕುಡಿಸುತ್ತಿದ್ದಳು. ಮಗು ಮತ್ತೆ ಮತ್ತೆ ನೀರು ನೀರಾಗಿ ಹೋಗುವುದನ್ನು ಕಂಡು, "ನಿಮ್ಮ ನೀರ ನಾಟಲಿಲ್ಲ ಬಾಯಾರ" ಎಂದು ಪುಡಿಯನ್ನು ಮೂಲೆಗೆ ಹಾಕಿ ಬಾಟಲಿ ಔಷಧಕ್ಕೆ ಹೋಗುತ್ತಿದ್ದಳು. ಅವಳ ಲೆಕ್ಕ ಅವಳ ಮಟ್ಟಿಗೆ ಸರಿಯೇ ಇತ್ತು. ಭೇದಿ ನಿಲ್ಲಬೇಕು, ನಿಲ್ಲಲಿಲ್ಲ, ಅಂದಮೇಲೆ ಔಷಧ ಕೆಲಸಕ್ಕೆ ಬಾರದ್ದು.

ಪುಡಿಯ ಕೆಲಸ ಬೇರೆ. ಹೊಟ್ಟೆ ಹಾಳಾದಾಗ ಮೈಯ ನೀರು, ಉಪ್ಪು ಎರಡೂ ಕೆಳಗೆ ಹೋಗುತ್ತವೆ. ಬರೀ ನೀರು ಕುಡಿಸಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳದು. ಉಪ್ಪು ಮತ್ತು ಗ್ಲೂಕೋಸು ಜೊತೆಯಾಗಿ ಬಂದಾಗ ಮಾತ್ರ ಕರುಳಿನ ಗೋಡೆ ಅವೆರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯಾಗುತ್ತಿದ್ದಾಗಲೂ ಈ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ. ಅಂದರೆ ಭೇದಿ ತನ್ನ ಪಾಡಿಗೆ ನಡೆದಿರುತ್ತದೆ, ನಾವು ಇನ್ನೊಂದು ಕಡೆಯಿಂದ ನೀರು ತುಂಬುತ್ತಿರುತ್ತೇವೆ. ಹೋದದ್ದಕ್ಕಿಂತ ಒಳಗೆ ಬಂದದ್ದು ಹೆಚ್ಚಾದರೆ ಮಗು ಉಳಿಯುತ್ತದೆ. ಹೀಗಾಗಿ ನಾನು ಸಂಡಾಸಿನ ಲೆಕ್ಕಕ್ಕಿಂತ ಮೊದಲು ಉಚ್ಚೆಯ ಲೆಕ್ಕ ಕೇಳುತ್ತೇನೆ.

ಕಬ್ಬಿನ ಸೀಸನ್ನಿನಲ್ಲಿ ನಮ್ಮ ಕಡೆ ಬೀಡ ಜಿಲ್ಲೆಯಿಂದಲೂ ವಿಜಯಪುರದ ತಾಂಡಾಗಳಿಂದಲೂ ಕಟಾವಿನ ಗ್ಯಾಂಗುಗಳು ಬರುತ್ತವೆ. ಹೊಲದ ಬದುವಿನಲ್ಲಿ ಜೋಪಡಿ, ನೀರು ಎಲ್ಲಿ ಸಿಕ್ಕರೆ ಅಲ್ಲಿಯದು. ಚಳಿಗಾಲವೂ ಅದೇ, ರೋಟಾ ವೈರಸ್ಸಿನ ಭೇದಿ ಜೋರಾಗುವ ಕಾಲವೂ ಅದೇ. ಅಂಥ ಒಂದು ಜೋಪಡಿಯಿಂದ ಹದಿನಾಲ್ಕು ತಿಂಗಳ ಗಂಡುಮಗುವನ್ನು ಅಜ್ಜಿ, ತಾಯಿ ಇಬ್ಬರೂ ಎತ್ತಿಕೊಂಡು ಸರಕಾರಿ ದವಾಖಾನೆಗೆ ಬಂದಿದ್ದರು. ಹಿಂದಿನ ದಿನದಿಂದ ನೀರಿನಂಥ ಭೇದಿ, ನಡುನಡುವೆ ವಾಂತಿ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಒಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಕೂಡಿದ ಸಿರಪ್ಪು, ಅರ್ಧ ಖಾಲಿಯಾದದ್ದು. ಜೊತೆಗೆ ಒಂದು ಓ.ಆರ್.ಎಸ್. ಪೊಟ್ಟಣ, ಅದನ್ನೂ ಒಡೆದಿದ್ದರು.

"ಪುಡಿ ಎಷ್ಟ ನೀರಾಗ ಹಾಕಿದಿ ತಂಗಿ?" ಎಂದು ಕೇಳಿದೆ. ತಾಯಿ ಚಹಾದ ಗ್ಲಾಸಿನಷ್ಟು ಎಂದು ಬೆರಳಲ್ಲಿ ತೋರಿಸಿದಳು. ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಿದ್ದಳಂತೆ, "ಕಡಕ್ ಆಗ್ಲಿ ಅಂತ".

ಅಪಾಯ ಇಲ್ಲೇ ಇರುವುದು. ದೊಡ್ಡ ಪೊಟ್ಟಣದಲ್ಲಿ ಸುಮಾರು 21 ಗ್ರಾಂ ಪುಡಿ ಇರುತ್ತದೆ, ಅದು ಪೂರಾ 1 ಲೀಟರಿಗೆ. ಸುಮಾರು 4 ಗ್ರಾಂನ ಸಣ್ಣ ಪೊಟ್ಟಣ 200 ಮಿ.ಲೀ.ಗೆ. ದೊಡ್ಡದನ್ನು ಒಂದು ಗ್ಲಾಸಿಗೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. ಆ ನೀರು ಒಳಗೆ ಹೋಗುವ ಬದಲು ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ರಕ್ತದಲ್ಲಿ ಉಪ್ಪು ಏರಿ ಮಗುವಿಗೆ ಝಟಕಾ ಬರಬಹುದು. ಪೊಟ್ಟಣವನ್ನು ಅರ್ಧ ಮಾಡಿ ಇಟ್ಟುಕೊಳ್ಳುವುದೂ ಬೇಡ, ಒಳಗಿನ ಉಪ್ಪು-ಗ್ಲೂಕೋಸು ಎರಡು ಪಾಲಿನಲ್ಲೂ ಸಮನಾಗಿ ಬೀಳುತ್ತದೆಂಬ ಖಾತ್ರಿಯಿಲ್ಲ. ತಂಬಿಗೆಯ ಅಳತೆಯನ್ನು ನಾನು ನಂಬುವುದಿಲ್ಲ, ಒಂದೊಂದು ಮನೆಯ ತಂಬಿಗೆ ಒಂದೊಂದು ಗಾತ್ರ. ಅಂಗಡಿಯಲ್ಲಿ ಸಿಗುವ 1 ಲೀಟರಿನ ನೀರಿನ ಬಾಟಲಿಯನ್ನು ತೊಳೆದು, ಅದನ್ನು ತುಂಬಿ, ಪಾತ್ರೆಗೆ ಸುರಿದು, ಇಡೀ ಪೊಟ್ಟಣ ಹಾಕಿ ಕಲಸು ಎನ್ನುತ್ತೇನೆ. ಕಲಸಿದ್ದು ಕಣ್ಣೀರಿಗಿಂತ ಉಪ್ಪಾಗಿರಬಾರದು, ಮೊದಲು ನೀನು ನಾಲಿಗೆಗೆ ಹಚ್ಚಿ ನೋಡು ಎಂದೂ ಹೇಳುತ್ತೇನೆ. 24 ತಾಸು ಕಳೆದರೆ ಉಳಿದದ್ದನ್ನು ಚೆಲ್ಲಬೇಕು.

ಮಗುವಿನ ಕಣ್ಣು ಒಳಗೆ ಹೋಗಿದ್ದವು, ಅಳುತ್ತಿತ್ತು, ಕಣ್ಣೀರಿರಲಿಲ್ಲ. ಹೊಕ್ಕುಳಕ್ಕೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಿಂದ ಉದ್ದುದ್ದಕ್ಕೆ ಎತ್ತಿ ಬಿಟ್ಟೆ. ತಟ್ಟನೆ ಕೂಡಿಕೊಳ್ಳಲಿಲ್ಲ, ನಿಧಾನವಾಗಿ ಇಳಿಯಿತು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ಹಾಗೇ ನಿಂತಿದ್ದರೆ, ಮಗು ಮಂಕಾಗಿದ್ದರೆ, ಬಾಯಿಗಿಟ್ಟರೂ ನುಂಗದಿದ್ದರೆ ನಾವು ತಡಮಾಡುವುದಿಲ್ಲ, ಸಲಾಯಿನ್ನೇ ಗತಿ. ಈ ಮಗು ಹಾಗಿರಲಿಲ್ಲ. ಚಮಚ ಕಂಡೊಡನೆ ಬಾಯಿ ಚಾಚುತ್ತಿತ್ತು. ಬಾಯಾರಿ ಆಸೆಯಿಂದ ಕುಡಿಯುವ ಮಗುವಿಗೆ ಬಾಯಿಯಿಂದಲೇ ನೀರು ತುಂಬಬಹುದು. (ತೀರ ಬಡಕಲಾದ ಮಗುವಿನ ಚರ್ಮ ನೀರು ಕಡಿಮೆಯಾಗದಿದ್ದರೂ ನಿಧಾನವಾಗಿಯೇ ಇಳಿಯುತ್ತದೆ. ಅಲ್ಲಿ ಈ ಪರೀಕ್ಷೆಯೊಂದನ್ನೇ ನಂಬಿ ಕೂಡಬಾರದು.)

ಅಜ್ಜಿಗೆ ಸಲಾಯಿನ್ನೇ ಬೇಕಾಗಿತ್ತು. "ಬಾಟ್ಲಿ ಹಚ್ಚರಿ ಬಾಯಾರ, ಕೂಸ ಬಾಡೈತಿ" ಎಂದು ಕೈಮುಗಿದಳು. ಡಾಕ್ಟರು ಮಗುವನ್ನು ತೂಗಿಸಿದರು, 8 ಕಿಲೊ. ಇಂಥ ಮಗುವಿಗೆ ಕಿಲೊಗೆ 75 ಮಿ.ಲೀ. ಲೆಕ್ಕದಲ್ಲಿ ನಾಲ್ಕು ತಾಸಿನೊಳಗೆ ಓ.ಆರ್.ಎಸ್. ಕುಡಿಸಬೇಕು. 8ಕ್ಕೆ 75, 600 ಮಿ.ಲೀ. ಆಯಿತು, ಅಂದರೆ 200 ಮಿ.ಲೀ. ಗ್ಲಾಸಿನಲ್ಲಿ ಮೂರು. ತಾಸಿಗೆ 150. ಒಂದು ಚಹಾ ಚಮಚ 5 ಮಿ.ಲೀ. ಹಿಡಿಯುತ್ತದೆ. ಎರಡು ನಿಮಿಷಕ್ಕೊಂದು ಚಮಚ ಕೊಟ್ಟರೆ ತಾಸಿಗೆ ಮೂವತ್ತು ಚಮಚ, ಸರಿಯಾಗಿ 150. ಈ ಲೆಕ್ಕ ಗೋಡೆಯ ಗಡಿಯಾರ ತೋರಿಸಿ ಹೇಳಿದರೆ ಯಾರಿಗೂ ತಿಳಿಯುತ್ತದೆ. ಚಮಚ ಹಿಡಿದದ್ದು ಅಜ್ಜಿ, ನಡುವೆ ಮೊಲೆ ಕೊಟ್ಟದ್ದು ತಾಯಿ.

ಮೊದಲ ಅರ್ಧ ತಾಸಿನಲ್ಲಿ ಮಗು ವಾಂತಿ ಮಾಡಿತು. ಅಜ್ಜಿ ಚಮಚ ಕೆಳಗಿಟ್ಟಳು. ಹತ್ತು ನಿಮಿಷ ಬಿಟ್ಟು ಮತ್ತೆ ಕೊಡು, ಈ ಸಲ ಮೂರು ನಿಮಿಷಕ್ಕೊಂದು ಎಂದೆ. ಗ್ಲಾಸಿನಲ್ಲೇ ಗಟಗಟ ಕುಡಿಸಿದರೆ ಹೊಟ್ಟೆ ತಡೆಯದು, ಚಮಚದಲ್ಲಿ ಕೊಟ್ಟರೆ ವಾಂತಿಯಾದರೂ ಬಹಳಷ್ಟು ಒಳಗುಳಿಯುತ್ತದೆ. ನಾಲ್ಕು ತಾಸು ಕಳೆಯುವ ಮೊದಲೇ ಮಗು ಉಚ್ಚೆ ಹೊಯ್ದಿತು, ಕಿರಿಕಿರಿ ಬಿಟ್ಟು ನಿದ್ದೆ ಮಾಡಿತು. ಚರ್ಮ ಎತ್ತಿ ಬಿಟ್ಟರೆ ತಟ್ಟನೆ ಕೂಡಿಕೊಳ್ಳುತ್ತಿತ್ತು. ಈ ನಡುವೆ ಭೇದಿಯೂ ಆಗುತ್ತಲೇ ಇತ್ತು.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲಾಯಿನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬೀಸ್ ಮಾಡಿದ್ದೂ ಇದನ್ನೇ. ಉಪ್ಪು, ಸೋಡಾ, ಗ್ಲೂಕೋಸು ಕೂಡಿಸಿ ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಕಾಲರಾದಲ್ಲಿ ಸಾಯುವವರ ಪ್ರಮಾಣ 100ಕ್ಕೆ 30ರ ಹತ್ತಿರದಿಂದ 4ಕ್ಕಿಂತ ಕೆಳಗಿಳಿಯಿತು. ಈಗಿನ ಪುಡಿ ಅದಕ್ಕಿಂತ ತಿಳಿ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು, ಗ್ಲೂಕೋಸು ಎರಡನ್ನೂ ಇಳಿಸಿತು, ವಾಂತಿಯೂ ಸಲಾಯಿನ್ನಿನ ಅಗತ್ಯವೂ ಕಡಿಮೆಯಾದವು. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಡಬ್ಬಿ ಪಾನೀಯ ಇದಲ್ಲ. ಅದರಲ್ಲಿ ಸಕ್ಕರೆ ಎಷ್ಟೋ ಪಟ್ಟು ಹೆಚ್ಚು, ಭೇದಿ ಇನ್ನೂ ಜೋರಾಗುತ್ತದೆ. ಅಂಥವುಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರ ಇರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರಿನಲ್ಲಿ, ಬಹಳ ತಡವಾಗಿ ಎಂದೇ ನನ್ನ ಅಭಿಪ್ರಾಯ.

ಇನ್ನು ಆ ಸಿರಪ್ಪಿನ ಮಾತು. ಡಾಕ್ಟರು ಅದನ್ನು ನಿಲ್ಲಿಸಿದರು. ಮಗುವಿನ ಮಲದಲ್ಲಿ ರಕ್ತವಿರಲಿಲ್ಲ, ಬರೀ ನೀರು. ಸಣ್ಣ ಮಕ್ಕಳ ಇಂಥ ಭೇದಿಗೆ ಹೆಚ್ಚಾಗಿ ವೈರಸ್ಸೇ ಕಾರಣ, ಅದಕ್ಕೆ ಆಂಟಿಬಯೋಟಿಕ್ಕು ನಾಟುವುದಿಲ್ಲ. ಆರ್ನಿಡಜೋಲ್ ಅಮೀಬಾದಂಥವಕ್ಕೆ ಕೊಡುವ ಮದ್ದು, ಈ ವಯಸ್ಸಿನ ನೀರುಭೇದಿಗೆ ಅವು ಕಾರಣವಾಗುವುದು ಅಪರೂಪ. ಇಂಥ ಔಷಧಿಗಳಿಂದಲೇ ಮಲ ತೆಳ್ಳಗಾಗುವುದೂ ಉಂಟು. ಆದರೂ ಜನ ಅದನ್ನು ನಂಬುತ್ತಾರೆ. ಯಾಕೆಂದರೆ ವೈರಸ್ಸಿನ ಭೇದಿ ತಾನಾಗಿಯೇ ಕೆಲವು ದಿನಕ್ಕೆ ನಿಲ್ಲುತ್ತದೆ. ಮೂರನೆಯ ದಿನ ಬಾಟಲಿ ಔಷಧ ಶುರುಮಾಡಿದವರಿಗೆ ಐದನೆಯ ದಿನ ಭೇದಿ ನಿಂತರೆ ಹೆಸರು ಬಾಟಲಿಗೆ. ಮೊದಲ ದಿನದಿಂದ ಮಗುವನ್ನು ಜೀವಂತ ಇಟ್ಟ ಉಪ್ಪುನೀರಿಗೆ ಏನೂ ಇಲ್ಲ.

ಆಂಟಿಬಯೋಟಿಕ್ಕು ಬೇಕಾಗುವ ಭೇದಿ ಬೇರೆಯೇ ಇದೆ. ಊರೊಳಗಿನ ಮೂರು ವರ್ಷದ ಹುಡುಗಿಯೊಬ್ಬಳಿಗೆ ಜ್ವರ, ಹೊಟ್ಟೆ ಹಿಂಡುವ ನೋವು. ಸಲಸಲಕ್ಕೂ ಚೂರುಚೂರೇ ಮಲ, ಅದರಲ್ಲಿ ಕೆಂಪು ರಕ್ತ ಮತ್ತು ಲೋಳೆ. ಅವಳಿಗೆ ಡಾಕ್ಟರು ತೂಕ ನೋಡಿ ಮೂರು ದಿನದ ಆಂಟಿಬಯೋಟಿಕ್ಕು ಬರೆದರು, ಎರಡು ದಿನದಲ್ಲಿ ರಕ್ತ ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು. ಮಲದಲ್ಲಿ ರಕ್ತ, ಅಥವಾ ಕಾಲರಾದ ಅನುಮಾನವಿದ್ದು ಮೈನೀರು ತೀರ ಇಳಿದಿರುವುದು, ಅಥವಾ ಭೇದಿಯ ಜೊತೆ ನ್ಯುಮೋನಿಯಾದಂಥ ಬೇರೆ ಬೇನೆ, ಇಲ್ಲವೇ ತೀವ್ರ ಅಪೌಷ್ಟಿಕತೆ. ಇವುಗಳಲ್ಲಿ ಯಾವುದೂ ಇಲ್ಲವೆಂದರೆ ಆ ಬಾಟಲಿಗೆ ಕೆಲಸವಿಲ್ಲ. ಭೇದಿ ನಿಲ್ಲಿಸಲು ದೊಡ್ಡವರಿಗೆ ಕೊಡುವ ಲೋಪೆರಮೈಡ್ ಗುಳಿಗೆಯನ್ನಂತೂ ಸಣ್ಣ ಮಕ್ಕಳಿಗೆ ಮುಟ್ಟಿಸಲೇಬಾರದು. ಅದು ಕರುಳಿನ ಚಲನೆಯನ್ನೇ ಕಟ್ಟಿಹಾಕುತ್ತದೆ, ಹೊಟ್ಟೆ ಉಬ್ಬುತ್ತದೆ.

ಜೋಪಡಿಯ ಆ ಕೂಸನ್ನು ಮನೆಗೆ ಕಳಿಸುವಾಗ ಎರಡು ದೊಡ್ಡ ಪೊಟ್ಟಣ ಕೊಟ್ಟು, ಪ್ರತಿ ಸಲ ತೆಳ್ಳಗೆ ಹೋದಮೇಲೆ ಕಾಲು ಗ್ಲಾಸಿನಿಂದ ಅರ್ಧ ಗ್ಲಾಸು ಎಂದೆ. ಮೊಲೆಹಾಲು, ಮೆತ್ತಗಿನ ಅನ್ನ, ಯಾವುದನ್ನೂ ಬಿಡಿಸಲಿಲ್ಲ. ಜೊತೆಗೆ 20 ಮಿ.ಗ್ರಾಂ ಝಿಂಕ್ ಗುಳಿಗೆ 14. ದಿನಕ್ಕೊಂದು, ಚಮಚದ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ. ಎರಡು ತಿಂಗಳಿನಿಂದ ಆರು ತಿಂಗಳೊಳಗಿನ ಕೂಸಾಗಿದ್ದರೆ ಅರ್ಧ ಗುಳಿಗೆ, 10 ಮಿ.ಗ್ರಾಂ. ಕೊಟ್ಟ ಅರ್ಧ ತಾಸಿನೊಳಗೆ ವಾಂತಿಯಾದರೆ ಇನ್ನೊಮ್ಮೆ. ಸಿರಪ್ಪು ಕೊಳ್ಳುವವರು ಚೀಟಿ ಓದಿಸಬೇಕು, 5 ಮಿ.ಲೀ.ಗೆ 20 ಮಿ.ಗ್ರಾಂ ಇರುವುದೂ ಇದೆ, 10 ಇರುವುದೂ ಇದೆ.

ಎರಡು ದಿನ ಬಿಟ್ಟು ಜೋಪಡಿಗೆ ಹೋದಾಗ ಅಜ್ಜಿ ತಕರಾರು ತೆಗೆದಳು, "ಇನ್ನೂ ಹತ್ತಿದ್ದು ನಿಂತಿಲ್ರಿ." ಉಚ್ಚೆ ಎಷ್ಟು ಸಲ ಎಂದು ಕೇಳಿದೆ. ನಾಲ್ಕೈದು ಸಲ ಎಂದಳು. ಮಗು ಕಬ್ಬಿನ ತುಂಡು ಹಿಡಿದು ಆಡುತ್ತಿತ್ತು. ಭೇದಿ ಇನ್ನೆರಡು ದಿನ ಇರಬಹುದು, ಉಚ್ಚೆ ಬರುತ್ತಿರುವವರೆಗೆ ಹೆದರಬೇಡ ಎಂದು ಹೇಳಿ, ರಕ್ತ ಕಂಡರೆ, ಮಗು ಕುಡಿಯುವುದು ಬಿಟ್ಟರೆ, ಮಂಕಾದರೆ ಅದೇ ಗಳಿಗೆಗೆ ಹೊರಡಬೇಕೆಂದು ಎರಡು ಸಲ ಹೇಳಿಸಿಕೊಂಡೆ.

ಝಿಂಕ್ ಮುಗಿಸುವುದು ಓ.ಆರ್.ಎಸ್.ಗಿಂತಲೂ ಕಷ್ಟ. ಭೇದಿ ನಿಂತ ಮರುದಿನ ಗುಳಿಗೆ ನಿಲ್ಲುತ್ತದೆ. ಆರಾಮಾದ ಕೂಸಿಗೆ ಯಾಕೆ ಮದ್ದು ಎಂಬುದು ಅತ್ತೆಯಂದಿರ ವಾದ. ಭೇದಿಯ ದಿನಗಳನ್ನು ಸ್ವಲ್ಪ ಕಡಿಮೆ ಮಾಡುವುದು ಅದರ ಒಂದು ಕೆಲಸವಷ್ಟೆ. ಹೋದ ಝಿಂಕನ್ನು ತುಂಬಿ, ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವುದನ್ನು ತಗ್ಗಿಸುವುದು ಇನ್ನೊಂದು ಕೆಲಸ, ಅದಕ್ಕೇ ಹದಿನಾಲ್ಕು ದಿನ. ಆ ಗ್ಯಾಂಗು ವಾರದೊಳಗೆ ಜಮಖಂಡಿ ಕಡೆಯ ಹೊಲಕ್ಕೆ ಹೋಯಿತು. ಮುಕಾದಮನ ಫೋನಿಗೆ ಮಾಡಿದಾಗ ತಾಯಿಯೇ ಮಾತಾಡಿದಳು, ಭೇದಿ ನಿಂತಿದೆ, ಗುಳಿಗೆ ಇನ್ನೂ ಆರು ಉಳಿದಿವೆ, ಮಗು ಉಗುಳುತ್ತದೆ ಎಂದಳು. ನೀರು ಬಿಟ್ಟು ಎದೆಹಾಲಿನಲ್ಲಿ ಕರಗಿಸಿ, ನಾಲಿಗೆಯ ತುದಿಗಲ್ಲದೆ ಕೆನ್ನೆಯ ಒಳಬದಿಗೆ ಹಾಕು ಎಂದೆ. ಉಳಿದ ಆರನ್ನೂ ಕೊಟ್ಟು, ಖಾಲಿ ಚೀಟಿಯನ್ನು ಅಲ್ಲಿಯ ಆಶಾ ಕಾರ್ಯಕರ್ತೆಗೆ ತೋರಿಸುವುದೆಂದು ನಮ್ಮಿಬ್ಬರಲ್ಲಿ ಮಾತಾಯಿತು.