ಮೊನೆಯವರೆಗೆ ನಡೆದು ಬರುವ ಶಾಖ

ನವಿ ಮುಂಬಯಿಯ ತುರ್ಭೆಯ ಕ್ವಾರಿಗಳಲ್ಲಿ ಸಿಗುವುದು ದಖ್ಖನ್ನಿನ ಕರಿಗಲ್ಲು. ಅದಕ್ಕೆ ಹೊಡೆದ ಉಳಿಯ ಮೊನೆ ಬಲು ಬೇಗ ಮೊಂಡಾಗುತ್ತದೆ. ಅಪ್ಪ ವಿಜಯಪುರದ ಕಡೆಯಿಂದ ಬಂದು ಅಲ್ಲಿ ಕಲ್ಲು ಒಡೆಯುತ್ತಿದ್ದರು. ಅವರ ಉಳಿ, ಹಾರೆಗಳನ್ನು ಠಾಣೆ-ಬೇಲಾಪುರ ರಸ್ತೆ ಬದಿಯ ಕುಲುಮೆಗೆ ಒಯ್ದು ಹದ ಹಾಕಿಸಿಕೊಂಡು ಬರುವುದು ಹುಡುಗನಾಗಿದ್ದ ನನ್ನ ಕೆಲಸ. ಈಗ ನಾನು ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಉಕ್ಕಿಗೆ ಹದ ಹಾಕುವ ವಿಭಾಗದಲ್ಲಿದ್ದೇನೆ. ಶಾಖ ಹೇಗೆ ಹರಿಯುತ್ತದೆ ಎಂಬುದನ್ನು ನಾನು ಮೊದಲು ಕಲಿತದ್ದು ಆ ಕುಲುಮೆಯ ತಗಡಿನ ಚಪ್ಪರದಡಿಯಲ್ಲೇ.

ಮೊದಲು ಕಣ್ಣಿಗೆ ಬಿದ್ದದ್ದು ಹಾರೆ. ಒಂದು ತುದಿ ಕೆಂಡದಲ್ಲಿ ಕೆಂಪಗಾಗಿದ್ದರೂ ಲೋಹಾರ ಮಾಮಾ ಇನ್ನೊಂದು ತುದಿಯನ್ನು ಬರಿಗೈಯಲ್ಲಿ ಹಿಡಿದಿರುತ್ತಿದ್ದರು. ಉಕ್ಕಿನಲ್ಲಿ ಶಾಖ ದೂರ ಹೋದಷ್ಟೂ ನಿಧಾನವಾಗುತ್ತದೆ. ಎರಡು ಪಟ್ಟು ದೂರಕ್ಕೆ ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಒಂದಿಂಚು ದಾಟಲು ಒಂದು ನಿಮಿಷ ಹಿಡಿದರೆ ಹತ್ತಿಂಚಿಗೆ ನೂರು ನಿಮಿಷ. ಅಷ್ಟರಲ್ಲಿ ದಾರಿಯುದ್ದಕ್ಕೂ ಗಾಳಿಗೆ ಸೋರಿಹೋಗುವ ಶಾಖವೇ ಹೆಚ್ಚು. ಅದೇ ಹಾರೆ ತಾಮ್ರದ್ದಾಗಿದ್ದರೆ ಕೈ ಸುಡುತ್ತಿತ್ತು. ಮೆದು ಉಕ್ಕಿಗಿಂತ ತಾಮ್ರ ಏಳೆಂಟು ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ.

ಉಳಿಯ ಕೆಲಸ ಇನ್ನೂ ಸೂಕ್ಷ್ಮ. ಮಾಮಾ ಅದನ್ನು ಕಾಯಿಸಿ, ಬಡಿದು ಮೊನೆ ತೆಗೆದು, ಮತ್ತೆ ಕೆಂಡಕ್ಕಿಡುತ್ತಿದ್ದರು. ಬಿಸಿಲಲ್ಲಿ ಕೆಂಪಿನ ಅಂದಾಜು ಸಿಗುವುದಿಲ್ಲ, ಅದಕ್ಕೇ ಕುಲುಮೆಯ ಸುತ್ತ ಗೋಣಿತಾಟು ಕಟ್ಟಿ ಕತ್ತಲು ಮಾಡಿಕೊಂಡಿದ್ದರು. ಮೊನೆ ಸುಮಾರು 800 ಡಿಗ್ರಿಯ ಕೆಂಪಿಗೆ ಬಂದಾಗ ಇಕ್ಕಳದಲ್ಲಿ ಹಿಡಿದು ತುದಿಯ ಒಂದಿಂಚನ್ನಷ್ಟೇ ನೀರಿಗೆ ಅದ್ದುತ್ತಿದ್ದರು, ಅದೂ ಮೇಲೆ ಕೆಳಗೆ ಆಡಿಸುತ್ತ.

ಆಡಿಸುವುದಕ್ಕೆ ಎರಡು ಕಾರಣ. ಕೆಂಪು ಉಕ್ಕಿನ ಸುತ್ತ ಮೊದಲು ಹಬೆಯ ಪೊರೆ ಕಟ್ಟುತ್ತದೆ. ಹಬೆಯ ಮೂಲಕ ಶಾಖ ಸರಾಗವಾಗಿ ದಾಟುವುದಿಲ್ಲ. ಪೊರೆ ಹರಿದು ನೀರು ಉಕ್ಕಿಗೆ ನೇರವಾಗಿ ತಾಗಿ ಕೊತಕೊತ ಕುದಿಯತೊಡಗಿದಾಗಲೇ ಶಾಖ ರಭಸದಿಂದ ಹೊರಬರುವುದು. ಎರಡನೆಯದು, ಅಲ್ಲಾಡಿಸದೆ ಹಿಡಿದರೆ ನೀರಿನ ಮಟ್ಟದಲ್ಲಿ ಗಡಸು ಮತ್ತು ಮೆದು ಭಾಗಗಳ ನಡುವೆ ಒಂದೇ ಗೆರೆ ಉಳಿದು, ಪೆಟ್ಟು ಬಿದ್ದಾಗ ಉಳಿ ಅಲ್ಲೇ ಮುರಿಯುತ್ತದೆ. ನೀರು ಬಿಸಿಯಾದರೆ ಪೊರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ಕಿಲೋ ಕೆಂಪು ಉಕ್ಕು ಪೂರ್ತಿ ತಣಿದರೆ ಹತ್ತು ಲೀಟರ್ ನೀರು ಹತ್ತು-ಹನ್ನೆರಡು ಡಿಗ್ರಿ ಏರುತ್ತದೆ. ಅದಕ್ಕೇ ಮಾಮಾ ತೊಟ್ಟಿಯ ನೀರನ್ನು ಮೇಲಿಂದ ಮೇಲೆ ಬದಲಾಯಿಸುತ್ತಿದ್ದರು.

ಇಡೀ ಉಳಿಯನ್ನು ಒಮ್ಮೆಗೇ ಮುಳುಗಿಸಿಬಿಡಿ ಎಂದು ನಾನು ಅವಸರ ಮಾಡಿದರೆ, "ಥಾಂಬ್ ಬಾಳಾ, ಅಸಲಿ ಕೆಲಸ ಈಗ ಶುರು" ಅನ್ನುತ್ತಿದ್ದರು. ನೀರಿನಿಂದ ತೆಗೆದ ತಕ್ಷಣ ಮೊನೆಯನ್ನು ಕಲ್ಲಿನ ಚೂರಿನಿಂದ ತಿಕ್ಕಿ ಬಿಳಿ ಹೊಳಪು ಬರಿಸುತ್ತಿದ್ದರು. ಮೊನೆ ತಣ್ಣಗಾಗಿದ್ದರೂ ಹಿಂದಿನ ಭಾಗದಲ್ಲಿ ಶಾಖ ಇನ್ನೂ ತುಂಬಿರುತ್ತದೆ. ಅದು ಮೊನೆಯತ್ತ ನಡೆದು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಳಪಿನ ಮೇಲೆ ಮೊದಲು ತಿಳಿ ಹಳದಿ, ಸುಮಾರು 230 ಡಿಗ್ರಿ. ಅದರ ಬೆನ್ನಿಗೆ ಕಂದು. 280ರ ಹತ್ತಿರ ನೇರಳೆ. 300ರ ಸುಮಾರಿಗೆ ನೀಲಿ. ಬಿಸಿ ಉಕ್ಕಿನ ಮೇಲೆ ಗಾಳಿಯಿಂದ ಕಟ್ಟುವ ಆಕ್ಸೈಡ್ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಬಣ್ಣಗಳ ಸಾಲು ಒಂದರ ಹಿಂದೊಂದು ತುದಿಯ ಕಡೆ ಸರಿಯುತ್ತದೆ. ಕಂದು ನೇರಳೆಗೆ ತಿರುಗುವ ಗಳಿಗೆಯಲ್ಲಿ ಮಾಮಾ ಮೊನೆಯನ್ನು ಮತ್ತೆ ನೀರಿಗಿಟ್ಟು ಶಾಖದ ನಡಿಗೆಯನ್ನು ಅಲ್ಲಿಗೇ ತಡೆಯುತ್ತಿದ್ದರು.

ನನ್ನ ಅವಸರದ ಮಾತಿನಲ್ಲಿದ್ದ ತೊಡಕು ಆಗ ಅರ್ಥವಾಯಿತು. ಮೊದಲ ಅದ್ದಿಗೆ ಮೊನೆ ಗಾಜಿನಂತೆ ಗಡುಸಾಗುತ್ತದೆ. ಅರ ಹಾಕಿದರೆ ಜಾರುತ್ತದೆ, ಕಲ್ಲಿಗೆ ಹೊಡೆದರೆ ಮೂಲೆ ಹಾರಿಹೋಗುತ್ತದೆ. ಹಿಂದಿನಿಂದ ಬರುವ ಶಾಖವೇ ಆ ಗಡುಸನ್ನು ತುಸು ಇಳಿಸಿ ತಾಳಿಕೆ ತರುವುದು. ಇಡೀ ಉಳಿ ಮುಳುಗಿಸಿದರೆ ಹಿಂದೆ ಶಾಖವೇ ಉಳಿಯುವುದಿಲ್ಲ, ಬಣ್ಣವೂ ಓಡುವುದಿಲ್ಲ. ನೀಲಿ ಮೊನೆ ತಲುಪುವವರೆಗೆ ಬಿಟ್ಟರೆ ಮೊನೆ ಮೆದುವಾಗಿ ಕರಿಗಲ್ಲಿನ ಮೇಲೆ ಮಡಚಿಕೊಳ್ಳುತ್ತದೆ.

ಕಾರ್ಖಾನೆಯಲ್ಲಿ ನಾವು ತಣಿಸುವುದನ್ನೂ ಹದ ಇಳಿಸುವುದನ್ನೂ ಎರಡು ಕೆಲಸವಾಗಿ ಮಾಡುತ್ತೇವೆ. ಪೂರ್ತಿ ತಣಿಸಿದ ಉಕ್ಕನ್ನು ಬೇರೆ ಒಲೆಯಲ್ಲಿಟ್ಟು ಮತ್ತೆ ಕಾಯಿಸುತ್ತೇವೆ. ಡಿಗ್ರಿಯನ್ನು ಮೀಟರ್ ತೋರಿಸುತ್ತದೆ. ಮಾಮಾ ಅದೇ ಕೆಲಸವನ್ನು ಒಂದೇ ಕಾವಿನಲ್ಲಿ ಮುಗಿಸುತ್ತಿದ್ದರು. ಎಷ್ಟು ಶಾಖ ತೆಗೆಯಬೇಕೋ ಅಷ್ಟನ್ನೇ ನೀರಿಗೆ ಕೊಟ್ಟು, ಉಳಿದದ್ದನ್ನು ಮುಂದಿನ ಕೆಲಸಕ್ಕೆಂದು ಉಳಿಯೊಳಗೇ ಇಟ್ಟುಕೊಳ್ಳುತ್ತಿದ್ದರು. ಹೊಸದಾಗಿ ಸೇರುವ ಹುಡುಗರಿಗೆ ಮೀಟರ್ ತೋರಿಸುವ ಮೊದಲು ನಾನು ಒಂದು ಉಳಿಯ ಮೊನೆ ಉಜ್ಜಿಸಿ, ಬಣ್ಣ ಓಡುವುದನ್ನು ನೋಡಿಸುತ್ತೇನೆ.